ಶಾಖೆಗೆ ಶಾಖೆಯೇ ಗೈರುಹಾಜರಾದ ಸೋಮವಾರ

ಮಂಗಳವಾರ ಬೆಳಿಗ್ಗೆ 7 ಗಂಟೆಗೆ ಮಲೆನಾಡಿನ ಒಂದು ಪತ್ತಿನ ಸಹಕಾರಿ ಸಂಘದ ಶಾಖೆಯ 14 ಮಂದಿಯ ಮೊಬೈಲಿಗೂ ಒಂದೇ ಸಂದೇಶ ಬಂತು: ನಿನ್ನೆ ನೀವು ಗೈರುಹಾಜರು. ಮ್ಯಾನೇಜರಿಗೂ ಬಂತು, ಬೀಗದ ಕೈ ಇಟ್ಟುಕೊಂಡಿರುವ ಕ್ಯಾಷಿಯರಿಗೂ ಬಂತು. ನಿನ್ನೆ ಶಾಖೆ ಎಂದಿನಂತೆ ತೆರೆದಿತ್ತು. ಠೇವಣಿ ಬಂದಿತ್ತು, ಚಿನ್ನದ ಸಾಲ ಕೊಟ್ಟಾಗಿತ್ತು, ಸಂಜೆ ಕ್ಯಾಷ್ ಟ್ಯಾಲಿ ಮಾಡಿ ಲೆಕ್ಕ ಮುಚ್ಚಿದ್ದರು. ಇಷ್ಟೆಲ್ಲ ಯಾರೂ ಇಲ್ಲದೆ ನಡೆದಿರಲಾರದು ಎಂಬುದು ಯಾರಿಗಾದರೂ ಹೊಳೆಯುತ್ತದೆ. ಹೆಡ್ ಆಫೀಸಿನ ಕಂಪ್ಯೂಟರಿಗೆ ಹೊಳೆದಿರಲಿಲ್ಲ.

ಹಲವು ಶಾಖೆಗಳಿರುವ ಸಂಸ್ಥೆಗಳಲ್ಲಿ ಹಾಜರಿ ವಿಭಾಗ ನೋಡಿಕೊಳ್ಳುವವರಿಗೆ ಇದು ಹೊಸ ಸಂಗತಿಯಲ್ಲ. ‘ಮೆಷೀನ್ ಕೆಟ್ಟಿದೆ’ ಎಂದು ಮೊದಲು ದೂರು ಹೋಗುವುದು ಬೆರಳು ಒತ್ತುವ ಯಂತ್ರದ ಮೇಲೆ. ಹೆಚ್ಚಿನ ಸಲ ಯಂತ್ರಕ್ಕೆ ಏನೂ ಆಗಿರುವುದಿಲ್ಲ. ಅದನ್ನು ವಿಚಾರಿಸಿದ ಹೊತ್ತು ಸರಿಯಿಲ್ಲ, ವಿಚಾರಿಸಿದ ಮೇಲೆ ಬರೆದುಕೊಂಡ ಉತ್ತರವೂ ಸರಿಯಿಲ್ಲ.

ಬಯೋಮೆಟ್ರಿಕ್ ಯಂತ್ರಕ್ಕೆ ಬೆರಳು ಕೊಟ್ಟಾಗ ನಡೆಯುವುದು ಬಹಳ ಸರಳ. ಬೆರಳ ಗುರುತನ್ನು ತನ್ನಲ್ಲಿ ಮೊದಲೇ ಇರುವ ಗುರುತುಗಳ ಜೊತೆ ಯಂತ್ರ ಹೋಲಿಸುತ್ತದೆ. ಹೊಂದಿದರೆ ಒಂದು ಸಾಲು ಬರೆದುಕೊಳ್ಳುತ್ತದೆ. ಆ ಸಾಲಿನಲ್ಲಿ ನಿಮ್ಮ ಹೆಸರೂ ಇರುವುದಿಲ್ಲ, ಬೆರಳ ಚಿತ್ರವೂ ಇರುವುದಿಲ್ಲ. ನಿಮ್ಮ ನಂಬರು, ದಿನಾಂಕ, ಗಂಟೆ, ನಿಮಿಷ, ಸೆಕೆಂಡು, ಜೊತೆಗೆ ಒಂದೆರಡು ಗುರುತಿನ ಅಂಕಿಗಳು, ಅಷ್ಟೆ. ಇದಕ್ಕೆಲ್ಲ ಇಂಟರ್‌ನೆಟ್ ಬೇಕಾಗಿಲ್ಲ. ಕರೆಂಟು ಇದ್ದರೆ ಸಾಕು. ಒಮ್ಮೆ ಬರೆದ ಸಾಲು ಕರೆಂಟು ಹೋದರೂ ಅಳಿಯುವುದಿಲ್ಲ, ಯಂತ್ರದ ಒಳಗಿನ ಮೆಮೊರಿಯಲ್ಲಿ ಉಳಿಯುತ್ತದೆ. ನಮ್ಮ ಕಚೇರಿಗಳ ಗೋಡೆ ಮೇಲೆ ಕಾಣುವ ಸಾಧಾರಣ ಮಾದರಿಗಳಲ್ಲಿ ಇಂಥ 1 ಲಕ್ಷ ಸಾಲುಗಳಿಗೆ ಜಾಗ ಇರುವುದು ಮಾಮೂಲು. ಈ ಶಾಖೆಯ 14 ಮಂದಿ ಊಟದ ಹೊತ್ತಿನಲ್ಲೂ ಸೇರಿ ದಿನಕ್ಕೆ 4 ಸಲ ಬೆರಳು ಕೊಟ್ಟರೆ, ವರ್ಷಕ್ಕೆ 300 ಕೆಲಸದ ದಿನ ಎಂದು ಹಿಡಿದರೂ ಆಗುವುದು 16,800 ಸಾಲು. ಮೆಮೊರಿ ತುಂಬಲು ಆರು ವರ್ಷದ ಹತ್ತಿರ ಬೇಕು. ಈ ಲೆಕ್ಕ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಯಂತ್ರದಲ್ಲಿರುವ ಸಾಲುಗಳು ಸಂಬಳದ ಲೆಕ್ಕಕ್ಕೆ ಬರಬೇಕಾದರೆ ಹೆಡ್ ಆಫೀಸಿನ ಸರ್ವರು ಅವನ್ನು ತರಿಸಿಕೊಳ್ಳಬೇಕು. ಹಳೆಯ ಪದ್ಧತಿಯಲ್ಲಿ ಸರ್ವರೇ ಯಂತ್ರಕ್ಕೆ ಕರೆ ಮಾಡುತ್ತದೆ. ಯಂತ್ರಕ್ಕೆ ಒಂದು ಐಪಿ ವಿಳಾಸ ಇರುತ್ತದೆ, ಕರೆ ಸ್ವೀಕರಿಸಲು ಒಂದು ಪೋರ್ಟ್ ಇರುತ್ತದೆ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಒಂದು ಕುಟುಂಬದ ಯಂತ್ರಗಳಲ್ಲಿ ಅದು `4370`. ಶಾಖೆಯ ರೌಟರ್ ಮೂಲಕ ಸರ್ವರು ಒಳಹೊಕ್ಕು, ಯಂತ್ರದಲ್ಲಿರುವುದನ್ನು ಓದಿಕೊಂಡು ಬರುತ್ತದೆ. ಈ ಕೆಲಸವನ್ನು ರಾತ್ರಿ 1 ಗಂಟೆಗೆ ಇಡುವುದು ರೂಢಿ. ಆಗ ಸರ್ವರಿಗೆ ಬೇರೆ ಕೆಲಸ ಇರುವುದಿಲ್ಲ, ನೆಟ್ ಖಾಲಿ ಇರುತ್ತದೆ, ದಿನ ಪೂರ್ತಿ ಮುಗಿದಿರುತ್ತದೆ. ಹೆಡ್ ಆಫೀಸಿನಲ್ಲಿ ಕೂತು ನೋಡಿದರೆ ಇದಕ್ಕಿಂತ ಪ್ರಶಸ್ತವಾದ ಹೊತ್ತಿಲ್ಲ.

ಶಾಖೆಯಲ್ಲಿ ನಿಂತು ನೋಡಬೇಕು. ಸಂಜೆ ಆರೂಕಾಲಕ್ಕೆ ಅಟೆಂಡರ್ ಕಿಟಕಿ ಹಾಕಿ, ಸ್ಟ್ರಾಂಗ್ ರೂಮಿನ ಬೀಗ ಜಗ್ಗಿ ನೋಡಿ, ಬಾಗಿಲ ಪಕ್ಕದ ಮೇನ್ ಸ್ವಿಚ್ ಕೆಳಗೆಳೆದು ಹೋಗುತ್ತಾನೆ. ಅದು ಅವನ ಉಡಾಫೆಯಲ್ಲ. ಕಾಗದಪತ್ರ ತುಂಬಿದ ಹಳೆಯ ಕಟ್ಟಡದಲ್ಲಿ ರಾತ್ರಿ ಶಾರ್ಟ್ ಸರ್ಕ್ಯೂಟ್ ಆದರೆ ಏನು ಗತಿ ಎಂದು ಎಷ್ಟೋ ಕಚೇರಿಗಳಲ್ಲಿ ಹಾಗೆಯೇ ಕಟ್ಟುನಿಟ್ಟು ಮಾಡಿರುತ್ತಾರೆ. ಮಲೆನಾಡಿನಲ್ಲಿ ಸಿಡಿಲಿನ ಭಯ ಬೇರೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಮೋಡೆಮ್ ಸುಟ್ಟುಕೊಂಡವರು ಮೇನ್ ಸ್ವಿಚ್ ಸಾಲದೆಂದು ವೈರುಗಳನ್ನೂ ಕಿತ್ತಿಟ್ಟು ಮನೆಗೆ ಹೋಗುತ್ತಾರೆ. ಅಂದು ಹೆಡ್ ಆಫೀಸಿನಿಂದ ಫೋನ್ ಬಂದಾಗ ಅಟೆಂಡರ್ ಹೇಳಿದ್ದು ಇಷ್ಟು: “ಮೇಡಂ, ಹೋಗೋವಾಗ ಎಲ್ಲಾ ಆಫ್ ಮಾಡ್ಕೊಂಡೇ ಹೋಗ್ಬೇಕು ಅಂತ ಮ್ಯಾನೇಜರ್ ಸಾಹೇಬ್ರೇ ಹೇಳಿದಾರಲ್ಲ. ಹೋದ ತಿಂಗಳು ಯುಪಿಎಸ್ ಹಾಳಾದಾಗಿಂದ ಮೆಷೀನಿನ ವೈರೂ ಮೇನ್ ಲೈನಿಗೇ ಕೊಟ್ಟಿದೆ.”

ಗುಟ್ಟು ಇಲ್ಲಿದೆ. ಹೋದ ತಿಂಗಳವರೆಗೂ ಯಂತ್ರ ಮತ್ತು ರೌಟರ್ ಎರಡೂ ಒಂದು ಸಣ್ಣ ಯುಪಿಎಸ್ ಮೇಲಿದ್ದವು. ಅದರ ಲೈನ್ ಮೇನ್ ಸ್ವಿಚ್‌ಗೆ ಸೇರಿರಲಿಲ್ಲ. ಹಾಗಾಗಿ ರಾತ್ರಿ 1 ಗಂಟೆಗೂ ಎರಡೂ ಎಚ್ಚರವಾಗಿರುತ್ತಿದ್ದವು. ಯುಪಿಎಸ್ ತೆಗೆದು ಬೇರೆ ಪ್ಲಗ್ಗಿಗೆ ಚುಚ್ಚಿದ ಮೇಲೂ ಕೆಲವು ದಿನ ಏನೂ ತೊಂದರೆ ಕಾಣಲಿಲ್ಲ. ಅಷ್ಟು ದಿನ ಸಂಜೆ ಯಾರೋ ಲೆಕ್ಕಪರಿಶೋಧನೆಯ ಕೆಲಸಕ್ಕೆಂದು ತಡವಾಗಿ ಉಳಿಯುತ್ತಿದ್ದರು, ಮೇನ್ ಸ್ವಿಚ್ ಮುಟ್ಟುತ್ತಿರಲಿಲ್ಲ. ಆ ಕೆಲಸ ಮುಗಿದು, ಹಳೆಯ ಪದ್ಧತಿ ಮರಳಿದ ಮೊದಲ ದಿನವೇ ಸೋಮವಾರ. ತೊಂದರೆಗೆ ಕಾರಣವಾದ ಬದಲಾವಣೆ ಒಂದು ದಿನ, ತೊಂದರೆ ಕಾಣಿಸಿಕೊಂಡದ್ದು ಇನ್ನೊಂದು ದಿನ. ಹೀಗಾದಾಗ ಎಲ್ಲರೂ ‘ನಾವು ಏನೂ ಮಾಡಿಲ್ಲ’ ಎನ್ನುತ್ತಾರೆ, ಎಲ್ಲರೂ ನಿಜವನ್ನೇ ಹೇಳುತ್ತಿರುತ್ತಾರೆ.

ಈಗ ಸರ್ವರಿನ ಕಡೆಗೆ ಬರೋಣ. ರಾತ್ರಿ 1 ಗಂಟೆಗೆ ಅದು ಶಾಖೆಗೆ ಕರೆ ಮಾಡಿತು. 30 ಸೆಕೆಂಡು ಕಾದಿತು. ಉತ್ತರವಿಲ್ಲ. ಆ ಮೇಲೆ ಏನು ಮಾಡಬೇಕು ಎಂಬುದು ಪ್ರೋಗ್ರಾಂ ಬರೆದವರ ಕೈಯಲ್ಲಿತ್ತು. ಅವರು ಬರೆದಿದ್ದ ಭಾಗ ಹೆಚ್ಚುಕಡಿಮೆ ಹೀಗಿತ್ತು:

```python
try:
    conn = zk.connect()
    rows = conn.get_attendance()
except Exception:
    rows = []
```

ಪ್ರೋಗ್ರಾಮಿಂಗ್ ಬಾರದವರಿಗೂ ಇದು ಅರ್ಥವಾಗುವಂಥದ್ದೇ. ಮೊದಲ ಮೂರು ಸಾಲು ಹೇಳುವುದು: ಯಂತ್ರವನ್ನು ಸಂಪರ್ಕಿಸಲು ನೋಡು, ಸಿಕ್ಕರೆ ಹಾಜರಿ ಸಾಲುಗಳನ್ನು ತೆಗೆದುಕೊ. ಕೊನೆಯ ಎರಡು ಸಾಲು ಹೇಳುವುದು: ಏನೇ ಎಡವಟ್ಟಾದರೂ ಪಟ್ಟಿ ಖಾಲಿ ಎಂದು ಇಟ್ಟುಕೊ. ಎಡವಟ್ಟು ಯಾವುದು, ಯಾರಿಗೆ ತಿಳಿಸಬೇಕು ಎಂಬ ಮಾತೇ ಇಲ್ಲ. ಬರೆದವರ ಉದ್ದೇಶ ಕೆಟ್ಟದ್ದೇನಲ್ಲ. ಒಂದು ಶಾಖೆ ಸಿಗದಿದ್ದರೆ ಉಳಿದ ಶಾಖೆಗಳ ಕೆಲಸ ನಿಲ್ಲದಿರಲಿ ಎಂದು ಹಾಗೆ ಮಾಡಿರುತ್ತಾರೆ. ಆದರೆ ಆ ಖಾಲಿ ಪಟ್ಟಿ ಮುಂದಿನ ಹಂತಕ್ಕೆ ಹೋದಾಗ ಅದರ ಅರ್ಥ ಬದಲಾಗುತ್ತದೆ. ‘ಕೇಳಲು ಆಗಲಿಲ್ಲ’ ಎಂಬುದು ‘ಯಾರೂ ಬಂದಿರಲಿಲ್ಲ’ ಎಂದಾಗುತ್ತದೆ. ಬೀಗ ಹಾಕಿದ ತರಗತಿಯ ಹೊರಗೆ ನಿಂತು ಹಾಜರಿ ಕೂಗಿ, ಯಾರೂ ‘ಬಂದಿದ್ದೀನಿ ಸಾರ್’ ಎನ್ನಲಿಲ್ಲವೆಂದು ಎಲ್ಲರಿಗೂ ಗೈರು ಬರೆದಂತೆ. ರಾತ್ರಿಯ ಕೆಲಸದ ವರದಿಯಲ್ಲಿ ದಾಖಲಾದದ್ದು `Completed: 0 records`. ‘ಮುಗಿಯಿತು’ ಎಂಬ ಪದ ಕಂಡವರು ಪಕ್ಕದ ಸೊನ್ನೆಯ ಕಡೆ ನೋಡುವುದು ಅಪರೂಪ. ಒಂದೂವರೆಗೆ ಹಾಜರಿ ಲೆಕ್ಕ ಹಾಕುವ ಕೆಲಸ ಶುರುವಾಗಿ 14 ಹೆಸರುಗಳ ಮುಂದೆಯೂ ಗೈರು ಬಿತ್ತು. ಏಳಕ್ಕೆ ಸಂದೇಶ ಹೋಯಿತು.

ಇಷ್ಟಾದರೂ ಸೋಮವಾರದ ಒಂದು ಸಾಲೂ ಕಳೆದುಹೋಗಿರಲಿಲ್ಲ. ಬೆಳಿಗ್ಗೆ 14, ಸಂಜೆ 14, ಒಟ್ಟು 28 ಸಾಲು ಯಂತ್ರದ ಒಳಗೇ ಇದ್ದವು (ಊಟದ ಹೊತ್ತಿನ ಪಂಚ್ ಈ ಶಾಖೆಯಲ್ಲಿ ಕಡ್ಡಾಯವಿಲ್ಲ). ಮಂಗಳವಾರ ಮೇನ್ ಸ್ವಿಚ್ ಮೇಲೇರಿದಾಗ ಯಂತ್ರ ಎದ್ದಿತು, ಹೊಸ ದಿನದ ಸಾಲುಗಳನ್ನು ಹಳೆಯದರ ಕೆಳಗೆ ಬರೆಯತೊಡಗಿತು. ಅಂದು ಸಂಜೆ ಅಟೆಂಡರಿಗೆ ಹೇಳಿ ಮೇನ್ ಸ್ವಿಚ್ ಹಾಗೇ ಬಿಡಿಸಿದರು. ರಾತ್ರಿ 1 ಗಂಟೆಗೆ ಸರ್ವರು ಕರೆ ಮಾಡಿತು, ಯಂತ್ರ ಸಿಕ್ಕಿತು, ಮಂಗಳವಾರದ ಹಾಜರಿ ಸರಿಯಾಗಿ ಬಂತು. ಸೋಮವಾರದ್ದು ಬರಲಿಲ್ಲ.

ಏಕೆ ಬರಲಿಲ್ಲ ಎಂಬುದು ನನ್ನ ಮಟ್ಟಿಗೆ ಈ ಇಡೀ ಪ್ರಕರಣದ ಅತ್ಯಂತ ಸ್ವಾರಸ್ಯದ ಭಾಗ. ಈ ಬಗೆಯ ಯಂತ್ರವನ್ನು ಹಾಜರಿ ಕೊಡು ಎಂದು ಮೇಲಿನ ರೀತಿಯಲ್ಲಿ ಕೇಳಿದರೆ, ಅದು ಒಂದು ದಿನದ್ದನ್ನು ಆರಿಸಿ ಕೊಡುವುದಿಲ್ಲ. ಮೆಮೊರಿಯಲ್ಲಿರುವ ಅಷ್ಟನ್ನೂ ಕೊಡುತ್ತದೆ. ಯಾವ ದಿನದ್ದು ಬೇಕು, ಯಾವುದು ಬೇಡ ಎಂದು ಸೋಸುವುದು ಹೆಡ್ ಆಫೀಸಿನ ಪ್ರೋಗ್ರಾಂ. ಅಂದರೆ ಬುಧವಾರದ ಬೆಳಗಿನ ಜಾವ ಸೋಮವಾರದ 28 ಸಾಲುಗಳೂ ಹೆಡ್ ಆಫೀಸಿಗೆ ಬಂದಿದ್ದವು. ‘ನಿನ್ನೆಯ ದಿನಾಂಕದ್ದು ಮಾತ್ರ ಸಾಕು’ ಎಂದು ಪ್ರೋಗ್ರಾಂನಲ್ಲಿ ಬರೆದಿದ್ದರಿಂದ, ಬಾಗಿಲವರೆಗೆ ಬಂದ ಆ ಸಾಲುಗಳನ್ನು ಅದು ತಾನೇ ಹೊರಗೆ ಹಾಕಿತು. ಗುರುವಾರವೂ ಅದೇ, ಶುಕ್ರವಾರವೂ ಅದೇ. ಪ್ರತಿ ರಾತ್ರಿ ಅವು ಬರುತ್ತಿದ್ದವು, ಪ್ರತಿ ರಾತ್ರಿ ಅವನ್ನು ಎಸೆಯಲಾಗುತ್ತಿತ್ತು.

ಆದ್ದರಿಂದ ‘ನಿನ್ನೆಯದು’ ಎಂಬ ಅಳತೆಯನ್ನೇ ಬಿಡಬೇಕು. ಪ್ರತಿಯೊಂದು ಯಂತ್ರದ ಮುಂದೂ ಅದನ್ನು ಕೊನೆಯ ಸಲ ಯಶಸ್ವಿಯಾಗಿ ಓದಿದ್ದು ಯಾವಾಗ ಎಂದು ಬರೆದಿಟ್ಟುಕೊಂಡು, ಅಲ್ಲಿಂದ ಮುಂದಿನದೆಲ್ಲ ಬೇಕು ಎನ್ನಬೇಕು. ಸೋಮವಾರ ರಾತ್ರಿ ಓದಲು ಆಗದಿದ್ದರೆ ಆ ಗುರುತು ಭಾನುವಾರ ರಾತ್ರಿಯ ಓದಿನಲ್ಲೇ ನಿಂತಿರುತ್ತದೆ. ಮರುದಿನ ಯಂತ್ರ ಸಿಕ್ಕಾಗ ಎರಡು ದಿನದ್ದೂ ತಾನಾಗಿ ಬರುತ್ತದೆ. ಅನುಮಾನವಿದ್ದರೆ ಒಂದು ವಾರ ಹಿಂದಿನಿಂದ ಓದಿದರೂ ನಷ್ಟವಿಲ್ಲ. ಅದೇ ಯಂತ್ರ, ಅದೇ ನಂಬರು, ಅದೇ ಸೆಕೆಂಡು ಇರುವ ಸಾಲು ಮೊದಲೇ ಇದ್ದರೆ ಮತ್ತೆ ಸೇರಿಸಬೇಡ ಎಂಬ ಒಂದು ನಿಯಮ ಇದ್ದರಾಯಿತು.

ಆದರೂ ಗೈರುಹಾಜರಿಯ ಪ್ರಶ್ನೆ ಉಳಿಯುತ್ತದೆ. ಸಾಲುಗಳು ಎರಡು ದಿನ ತಡವಾಗಿ ಬರುವುದಾದರೆ, ಅಷ್ಟರೊಳಗೆ ಗೈರು ಬಿದ್ದಿರುತ್ತದಲ್ಲ? ಇದನ್ನು ಚೆನ್ನಾಗಿ ಯೋಚಿಸಿ ಮಾಡಿದ ಒಂದು ಉದಾಹರಣೆ ನಮ್ಮ ದೇಶದ್ದೇ ಇದೆ. ಮುಂಬೈಯ ಫ್ರಾಪೆ ಸಂಸ್ಥೆ ರೂಪಿಸಿದ, ಎಲ್ಲರಿಗೂ ಮುಕ್ತವಾಗಿ ಸಿಗುವ ಫ್ರಾಪೆ ಎಚ್‌ಆರ್ ತಂತ್ರಾಂಶದ ಹಾಜರಿ ಭಾಗದಲ್ಲಿ ಪ್ರತಿ ಶಿಫ್ಟ್‌ಗೂ `Last Sync of Checkin` ಎಂಬ ಒಂದು ಖಾನೆ ಇರುತ್ತದೆ. ಯಂತ್ರಗಳಿಂದ ಈ ವೇಳೆಯವರೆಗಿನ ಸಾಲುಗಳು ಬಂದು ಮುಟ್ಟಿವೆ ಎಂಬ ಖಾತರಿ ಅದು. ಆ ವೇಳೆಗೆ ಮುಂಚೆ ಮುಗಿದ ಶಿಫ್ಟ್‌ಗಳಿಗೆ ಮಾತ್ರ ಹಾಜರಿ, ಗೈರು ಎರಡನ್ನೂ ಅದು ತೀರ್ಮಾನಿಸುತ್ತದೆ. ಅದರ ನಂತರದ್ದನ್ನು ಮುಟ್ಟುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬಿಡುವ ಈ ಸೌಜನ್ಯ ಬಹಳ ಹಾಜರಿ ತಂತ್ರಾಂಶಗಳಲ್ಲಿ ಇಲ್ಲ.

ಅದರಲ್ಲೂ ಎಡವುವವರಿದ್ದಾರೆ. ಹಾಜರಿ ಬೇಗ ಕಾಣಲಿ ಎಂದು ಆ ಖಾನೆಯನ್ನು ಗಂಟೆಗೊಮ್ಮೆ ‘ಈಗ’ ಎಂದು ತಾನಾಗಿ ಮುಂದಕ್ಕೆ ತಳ್ಳುವ ಹಾಗೆ ಮಾಡಿಬಿಡುತ್ತಾರೆ. ಯಂತ್ರ ಸಿಕ್ಕಿತೋ ಇಲ್ಲವೋ, ಖಾತರಿ ಮಾತ್ರ ಸಿಕ್ಕಿರುತ್ತದೆ. ಮತ್ತೆ ಅದೇ 14 ಗೈರು. ಇನ್ನೊಂದು ತೊಡಕು ಒಂದೇ ‘ಜನರಲ್ ಶಿಫ್ಟ್’ ಅನ್ನು ಎಲ್ಲ ಶಾಖೆಗಳಿಗೂ ಇಟ್ಟವರದು. ನಿಯಮದ ಪ್ರಕಾರ ಎಲ್ಲ ಯಂತ್ರಗಳಲ್ಲಿ ಯಾವುದು ಅತಿ ಹಿಂದಿದೆಯೋ ಅದರ ವೇಳೆಯನ್ನೇ ಖಾನೆಯಲ್ಲಿ ಹಾಕಬೇಕು. ಆಗ ಒಂದು ಶಾಖೆ ಮಲಗಿದರೆ ಉಳಿದ ನಾಲ್ಕು ಶಾಖೆಗಳ ಹಾಜರಿಯೂ ಕಾಯುತ್ತ ಕೂರುತ್ತದೆ. ವೇಳೆ ಒಂದೇ ಆದರೂ ಶಾಖೆಗೊಂದು ಶಿಫ್ಟ್ ಮಾಡಿಕೊಂಡರೆ ಒಬ್ಬರ ಕಷ್ಟ ಇನ್ನೊಬ್ಬರಿಗೆ ತಟ್ಟುವುದಿಲ್ಲ.

ಹೊಸ ಯಂತ್ರಗಳಲ್ಲಿ ಸರ್ವರು ಕರೆ ಮಾಡುವ ಬದಲು ಯಂತ್ರವೇ ಸರ್ವರಿಗೆ ಸಾಲುಗಳನ್ನು ಕಳಿಸುವ ‘ಪುಶ್’ ವ್ಯವಸ್ಥೆ ಇದೆ. ಬೆರಳು ಒತ್ತಿದ ಕೂಡಲೇ ಸಾಲು ಹೊರಡುತ್ತದೆ. ನೆಟ್ ಇಲ್ಲದಿದ್ದರೆ ಯಂತ್ರ ಕಾದು, ಬಂದ ಮೇಲೆ ಬಾಕಿಯದನ್ನು ಕಳಿಸುತ್ತದೆ. ಸಿಮ್ ಕಾರ್ಡಿನ ರೌಟರ್ ಇರುವ ಶಾಖೆಗಳಿಗೆ ಇದು ಅಗತ್ಯವೇ ಸರಿ. ಮೊಬೈಲ್ ನೆಟ್ಟಿನಲ್ಲಿ ಸಾಮಾನ್ಯವಾಗಿ ಹೊರಗಿನಿಂದ ನೇರ ಕರೆ ಮಾಡುವಂಥ ವಿಳಾಸ ಸಿಗುವುದಿಲ್ಲ. ಪುಶ್ ಬಂದರೂ ಗೈರು ಬರೆಯುವ ಮುನ್ನ ಕಾಯಬೇಕೆಂಬ ನಿಯಮ ಬೇಕೇ ಬೇಕು, ಏಕೆಂದರೆ ಕಾಯುತ್ತಿರುವ ಯಂತ್ರವೂ ಸರ್ವರಿನ ಕಣ್ಣಿಗೆ ಖಾಲಿಯೇ.

ನಮ್ಮ ಶಾಖೆಯ ವಿಷಯಕ್ಕೆ ಮರಳಿದರೆ, ಕಾರಣ ಹುಡುಕಲು ಫೋನಿನಲ್ಲೇ ಮೂರು ಪ್ರಶ್ನೆ ಸಾಕಾಗಿದ್ದವು. ಮೆಷೀನಿನ ಪರದೆ ಹೊತ್ತಿದೆಯಾ? ಅದರಲ್ಲಿ ಕಾಣುವ ಟೈಮು, ತಾರೀಕು ನಿಮ್ಮ ಮೊಬೈಲಿನದ್ದಕ್ಕೆ ಹೊಂದುತ್ತಾ? ಮೆನುವಿನ ನೆಟ್‌ವರ್ಕ್ ಭಾಗದಲ್ಲಿ ಐಪಿ ಏನು ತೋರಿಸ್ತಾ ಇದೆ? ಮೂರನೆಯದನ್ನು ಕೇಳದೆ ಬಿಡುವವರು ಬಹಳ. ದಿನಾ ಮೇನ್ ಸ್ವಿಚ್ ಆರಿಸುವ ಕಡೆ ರೌಟರೂ ದಿನಾ ಹೊಸದಾಗಿ ಏಳುತ್ತದೆ, ಎದ್ದಾಗ ಯಂತ್ರಕ್ಕೆ ಬೇರೆ ವಿಳಾಸ ಕೊಟ್ಟುಬಿಡಬಹುದು. ಆಗ ಯಂತ್ರ ಹಗಲೆಲ್ಲ ಚೆನ್ನಾಗಿ ಕೆಲಸ ಮಾಡುತ್ತದೆ, ಸರ್ವರು ಮಾತ್ರ ಹಳೆಯ ವಿಳಾಸಕ್ಕೆ ಕರೆ ಮಾಡುತ್ತ ಇರುತ್ತದೆ. ಯಂತ್ರಕ್ಕೆ ವಿಳಾಸವನ್ನು ಕೈಯಾರೆ ಕಟ್ಟಿಡುವುದು ಇದಕ್ಕೆ ಮದ್ದು. ಶಾಖೆಯ ಕಂಪ್ಯೂಟರಿನಲ್ಲಿ `ping 192.168.1.201` ಎಂದು ಹೊಡೆಸಿದರೆ (ಈ ಕುಟುಂಬದ ಯಂತ್ರಗಳು ಕಾರ್ಖಾನೆಯಿಂದ ಬರುವಾಗ ಇರುವ ವಿಳಾಸ ಇದು) ಉತ್ತರ ಬರುತ್ತದೋ ಇಲ್ಲವೋ ತಿಳಿಯುತ್ತದೆ. ಶಾಖೆಯೊಳಗೆ ಉತ್ತರ ಬಂದು ಹೆಡ್ ಆಫೀಸಿನಿಂದ ಬರದಿದ್ದರೆ ತೊಂದರೆ ನಡುವಿನ ದಾರಿಯಲ್ಲಿದೆ.

ಎರಡನೆಯ ಪ್ರಶ್ನೆಯದು ಬೇರೆಯದೇ ಅಪಾಯ. ಯಂತ್ರದ ಗಡಿಯಾರವನ್ನು ನಡೆಸುವ ಒಳಗಿನ ಪುಟ್ಟ ಬ್ಯಾಟರಿ ಮುಗಿದಿದ್ದರೆ, ಕರೆಂಟು ಹೋಗಿ ಬಂದ ಮೇಲೆ ಯಂತ್ರ ಎಷ್ಟೋ ವರ್ಷ ಹಿಂದಿನ ತಾರೀಕಿನಲ್ಲಿ ಏಳುತ್ತದೆ. ಅಂದಿನ ಸಾಲುಗಳೆಲ್ಲ ಆ ಹಳೆಯ ತಾರೀಕಿನಲ್ಲೇ ಬರೆದುಕೊಳ್ಳುತ್ತವೆ. ಸರ್ವರು ಅವನ್ನು ಹಳೆಯದೆಂದು ಬಿಟ್ಟುಬಿಡುತ್ತದೆ. ಹೊರಗಿನಿಂದ ನೋಡಿದರೆ ಇದೂ ‘ಏನೂ ಬರಲಿಲ್ಲ’ ಎಂದೇ ಕಾಣುತ್ತದೆ, ಆದರೆ ಇಲ್ಲಿ ಹಿಂದಿನಿಂದ ಓದಿಸಿದರೂ ಪ್ರಯೋಜನವಿಲ್ಲ. ಪ್ರತಿ ಸಲ ಸಂಪರ್ಕ ಸಿಕ್ಕಾಗ ಸರ್ವರು ಯಂತ್ರದ ಗಡಿಯಾರವನ್ನೂ ನೋಡಿ ಸರಿಪಡಿಸುವುದು ಒಳ್ಳೆಯದು.

ಇಂಥ ಗಲಿಬಿಲಿಯ ದಿನಗಳಲ್ಲಿ ಮಾಡಬಾರದ ಕೆಲಸ ಒಂದೇ, ಅದನ್ನೇ ಮಾಡಿಬಿಡುತ್ತಾರೆ: ‘ಒಂದ್ಸಲ ಕ್ಲಿಯರ್ ಮಾಡಿ ನೋಡೋಣ’. ಯಂತ್ರದ ಮೆನುವಿನಲ್ಲಿ ಹಾಜರಿ ಸಾಲುಗಳನ್ನು ಅಳಿಸುವ ಆಯ್ಕೆ ಇರುತ್ತದೆ. ತರಿಸಿಕೊಳ್ಳುವ ಪ್ರೋಗ್ರಾಂಗಳಲ್ಲೂ ಓದಿದ ಕೂಡಲೇ ಯಂತ್ರವನ್ನು ಖಾಲಿ ಮಾಡುವ ಆಯ್ಕೆ ಇರುತ್ತದೆ. ಆರು ವರ್ಷಕ್ಕೆ ಸಾಕಾಗುವ ಜಾಗ ಇರುವಾಗ ದಿನಾ ಅಳಿಸುವ ತುರ್ತು ಯಾವುದು? ಸೋಮವಾರದ ಸಾಲುಗಳು ಬೇರೆಲ್ಲೂ ಇಲ್ಲದೆ ಯಂತ್ರವೊಂದರಲ್ಲೇ ಇದ್ದ ಆ ಹೊತ್ತಿನಲ್ಲಿ ಯಾರಾದರೂ ಆ ಗುಂಡಿ ಒತ್ತಿದ್ದರೆ, ನಿಜವಾಗಿಯೂ ಎಲ್ಲ ಹೋಗುತ್ತಿತ್ತು. ರಿಪೇರಿಯವರು ಬಂದು ಯಂತ್ರ ಬಿಚ್ಚುವ ಮುನ್ನ ಪೆನ್‌ಡ್ರೈವ್ ಚುಚ್ಚಿ ಹಾಜರಿ ಸಾಲುಗಳನ್ನು ಇಳಿಸಿಕೊಳ್ಳಬೇಕು. ಹೆಸರಿನಲ್ಲಿ `attlog` ಎಂದಿರುವ, ನೋಟ್‌ಪ್ಯಾಡಿನಲ್ಲೂ ತೆರೆಯಬಹುದಾದ ಫೈಲು ಸಿಗುತ್ತದೆ. ನೆಟ್ ವಾರಗಟ್ಟಲೆ ಇಲ್ಲದ ಶಾಖೆಗಳಿಗೂ ಇದೇ ದಾರಿ.

ಸಂಘದವರು ಕೊನೆಗೆ ಮಾಡಿಕೊಂಡ ಬದಲಾವಣೆಗಳಲ್ಲಿ ಖರ್ಚಿನದು ಒಂದೇ. ಸಿಸಿ ಕ್ಯಾಮೆರಾಕ್ಕೆಂದು ರಾತ್ರಿಯಿಡೀ ಇರುವ ಪ್ರತ್ಯೇಕ ಲೈನಿಗೆ ರೌಟರ್ ಮತ್ತು ಹಾಜರಿ ಯಂತ್ರವನ್ನೂ ಸೇರಿಸಿದರು. ಸಿಡಿಲಿನ ದಿನ ಅದನ್ನೂ ಕೀಳುತ್ತಾರೆಂಬುದು ಗೊತ್ತಿದ್ದುದರಿಂದ ರಾತ್ರಿಯ ಮೇಲಿನ ಭಾರವನ್ನೇ ಇಳಿಸಿದರು. ಈಗ ಬೆಳಿಗ್ಗೆ 11ಕ್ಕೆ, ಮಧ್ಯಾಹ್ನ 3ಕ್ಕೆ, ಶಾಖೆ ಮುಚ್ಚುವ ಮುನ್ನ 6ಕ್ಕೆ ಯಂತ್ರವನ್ನು ಓದುತ್ತಾರೆ, ಸಿಗದಿದ್ದರೆ ಹದಿನೈದು ನಿಮಿಷ ಬಿಟ್ಟು ಮತ್ತೆ ಪ್ರಯತ್ನ. ಓದುವಾಗ ಪ್ರೋಗ್ರಾಂ ಯಂತ್ರವನ್ನು ಕೆಲವು ಕ್ಷಣ ತಡೆಹಿಡಿಯುವುದರಿಂದ ಹತ್ತು ಗಂಟೆಯ ಸಾಲಿನ ಹೊತ್ತನ್ನು ಬೇಕೆಂದೇ ತಪ್ಪಿಸಿದ್ದಾರೆ. 11ರ ಓದಿನಲ್ಲಿ ಕೆಲಸದ ದಿನ ಇಡೀ ಶಾಖೆಯ ಲೆಕ್ಕ ಸೊನ್ನೆ ಬಂದರೆ ಹೆಡ್ ಆಫೀಸಿನ ಹಾಜರಿ ವಿಭಾಗಕ್ಕೆ ಸಂದೇಶ ಹೋಗುತ್ತದೆ, ಸಿಬ್ಬಂದಿಗೆ ಹೋಗುವುದಿಲ್ಲ. ಖಾಲಿ ಪಟ್ಟಿ ಇಟ್ಟುಕೊಳ್ಳುತ್ತಿದ್ದ ಆ ಎರಡು ಸಾಲಿನ ಜಾಗದಲ್ಲಿ ಈಗ ‘ಈ ಯಂತ್ರ ಸಿಗಲಿಲ್ಲ’ ಎಂದು ದಾಖಲಿಸಿ ಆ ಶಾಖೆಯ ಗೈರು ಲೆಕ್ಕವನ್ನು ತಡೆಯುವ ಮಾತಿದೆ.

ಸೋಮವಾರದ 28 ಸಾಲುಗಳನ್ನು ಶನಿವಾರ ಹಿಂದಿನಿಂದ ಓದಿಸಿ ತರಿಸಿಕೊಂಡರು. ಅಷ್ಟರಲ್ಲಿ 14 ಮಂದಿಯೂ ಹಾಜರಾತಿ ತಿದ್ದುಪಡಿ ಅರ್ಜಿ ಬರೆದುಕೊಟ್ಟು, ಮ್ಯಾನೇಜರ್ ಸಹಿಯೂ ಆಗಿತ್ತು. ಅರ್ಜಿಗಳ ಪ್ರಕಾರ ಎಲ್ಲರೂ ಬಂದದ್ದು ಸರಿಯಾಗಿ 10 ಗಂಟೆಗೆ, ಹೋದದ್ದು ಸರಿಯಾಗಿ 6 ಗಂಟೆಗೆ. ಯಂತ್ರದ ಪ್ರಕಾರ ಮೂವರು ಬಂದದ್ದು ಹತ್ತೂಕಾಲು ದಾಟಿದ ಮೇಲೆ. ಇಂಥ ದಿನಕ್ಕೆ ತಿದ್ದುಪಡಿ ಅರ್ಜಿ ಬಂದರೆ, ಆ ಶಾಖೆಯ ಯಂತ್ರವನ್ನು ಓದಿ ಮುಗಿಯುವವರೆಗೆ ಸ್ವೀಕರಿಸಬಾರದು ಎಂದು ಸಂಘ ಈಗ ನಿಯಮ ಮಾಡಿದೆ.